ಟ್ರಯಲ್ ಹಾಕಿದವರು ದುಡ್ಡು ಕಟ್ಟದೆ ಎಲ್ಲಿ ಜಾರಿಕೊಳ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ನಾವು ಮೂವರು ಸೇರಿ ಕಾಫಿ ತೋಟಗಳಿಗೆ ಒಂದು ಆ್ಯಪ್ ಮಾಡಿದ್ದೇವೆ. ಆಳುಗಳ ಹಾಜರಿ, ಅಡ್ವಾನ್ಸು, ವಾರದ ಬಟವಾಡೆ, ಅಷ್ಟೇ ಅದರ ಕೆಲಸ. 14 ದಿನ ಪುಕ್ಕಟೆ, ಆಮೇಲೆ ದುಡ್ಡು. ಹಾಸನ, ಸಕಲೇಶಪುರ, ಮೂಡಿಗೆರೆ ಕಡೆ ಇಂಥದ್ದೇ ಸಣ್ಣ ಸಾಫ್ಟ್‌ವೇರ್ ಮಾಡುವ ಗೆಳೆಯರು ಫೋನ್ ಮಾಡಿ ಒಂದೇ ಥರದ ಪ್ರಶ್ನೆ ಕೇಳ್ತಾರೆ. ಪ್ರತಿ ಸಲ ಹೇಳಿ ಹೇಳಿ ಬಾಯಿ ನೋವು ಬಂದು ಇಲ್ಲಿ ಬರೆದಿಟ್ಟಿದ್ದೇನೆ. ಉದಾಹರಣೆ ಪೂರ್ತಿ ನಮ್ಮ ಆ್ಯಪಿನದೇ, ನಿಮ್ಮ ಹಂತಗಳು ಬೇರೆ ಇರುತ್ತವೆ.

ಫನಲ್ ಅಂದರೆ ಏನು, ಒಂದು ಮಾತಲ್ಲಿ ಹೇಳಿ

ಟ್ರಯಲ್ ಶುರು ಮಾಡಿದ ದಿನದಿಂದ ದುಡ್ಡು ಕಟ್ಟುವ ದಿನದವರೆಗೆ ಗಿರಾಕಿ ದಾಟಬೇಕಾದ ಹಂತಗಳ ಸಾಲು, ಒಂದೊಂದು ಹಂತಕ್ಕೆ ಎಷ್ಟು ಜನ ಬಂದು ಮುಟ್ಟಿದರು ಅನ್ನುವ ಲೆಕ್ಕ. ಹೆಸರು ಮಾತ್ರ ಸ್ವಲ್ಪ ಮೋಸದ್ದು. ಸೀಮೆಎಣ್ಣೆ ಲಾಳಿಕೆಯಲ್ಲಿ ಮೇಲೆ ಸುರಿದದ್ದೆಲ್ಲ ಕೆಳಗೆ ಬರುತ್ತೆ. ನಮ್ಮದರಲ್ಲಿ ಮುಕ್ಕಾಲು ಪಾಲು ದಾರಿಯಲ್ಲೇ ಸೋರಿ ಹೋಗುತ್ತೆ, ಎಲ್ಲಿ ತೂತು ಅಂತ ಹುಡುಕುವುದೇ ಕೆಲಸ.

ಹಂತಗಳನ್ನು ಹೇಗೆ ಆರಿಸಬೇಕು?

ನಾವು ಮೊದಲು ಮಾಡಿದ್ದು ಶುದ್ಧ ಸೋಮಾರಿತನ. ಮೂರೇ ಹಂತ: ಸೈನ್ ಅಪ್, ಪೇಮೆಂಟ್ ಪುಟ ತೆರೆದದ್ದು, ದುಡ್ಡು ಕಟ್ಟಿದ್ದು. ಕೈಗೆ ಸುಲಭವಾಗಿ ಸಿಕ್ಕಿದ್ದು ಅಷ್ಟೇ, ಅದಕ್ಕೆ ಅಷ್ಟೇ ಇಟ್ಟುಕೊಂಡೆವು. ಅದು ನಮ್ಮನ್ನು ಎರಡು ತಿಂಗಳು ದಾರಿ ತಪ್ಪಿಸಿತು, ಕೆಳಗೆ ಹೇಳ್ತೇನೆ.

ಈಗ ನಮ್ಮ ಹಂತಗಳು ಹೀಗಿವೆ. ಸೈನ್ ಅಪ್. ಕನಿಷ್ಠ 5 ಆಳುಗಳ ಹೆಸರು ಸೇರಿಸಿದ್ದು. ಮೊದಲ ದಿನದ ಹಾಜರಿ ಹಾಕಿದ್ದು. ಮೊದಲ ಬಟವಾಡೆ ಮಾಡಿದ್ದು. ತಾವಾಗಿಯೇ ಪೇಮೆಂಟ್ ಪುಟಕ್ಕೆ ಬಂದದ್ದು. ದುಡ್ಡು ಕಟ್ಟಿದ್ದು.

ಇದರಲ್ಲಿ ಮುಖ್ಯವಾದದ್ದು ನಡುವಿನ ಬಟವಾಡೆ. ನಮ್ಮ ಆ್ಯಪಿನಿಂದ ತೋಟದವರಿಗೆ ನಿಜವಾಗಿ ಉಪಯೋಗ ಆಗುವ ಗಳಿಗೆ ಅದು. ಶನಿವಾರ ಸಂಜೆ ಆಳುಗಳು ಅಂಗಳದಲ್ಲಿ ನಿಂತಿರುತ್ತಾರೆ, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕ ತಿರುವಿ ಹಾಕಿ ಕೂಡಿಸುವ ಬದಲು ಫೋನಿನಲ್ಲಿ ಒಂದು ಗುಂಡಿ ಒತ್ತುತ್ತಾನೆ, ಯಾರಿಗೆ ಎಷ್ಟು ಅಂತ ಪಟ್ಟಿ ಬರುತ್ತೆ. ಅಲ್ಲಿಯವರೆಗೆ ಅವನು ನಮಗೋಸ್ಕರ ಬಿಟ್ಟಿ ಚಾಕರಿ ಮಾಡ್ತಿರ್ತಾನೆ. ನಿಮ್ಮ ಆ್ಯಪಿನಲ್ಲಿ ಅಂಥ ಗಳಿಗೆ ಯಾವುದು ಅಂತ ಮೊದಲು ಗುರುತು ಮಾಡಿಕೊಳ್ಳಿ. ಅದಿಲ್ಲದ ಫನಲ್ ಬರೀ ಪುಟ ತೆರೆದವರ ತಲೆ ಎಣಿಕೆ.

'ಕನಿಷ್ಠ 5' ಯಾಕೆ ಅಂದರೆ, ಒಂದು ಹೆಸರು ಹೆಚ್ಚಿನವರು ಹಾಕ್ತಾರೆ, ಸುಮ್ನೆ ನೋಡೋಣ ಅಂತ. ನಾವು ಶುರುವಿನಲ್ಲಿ ಆ ಒಂದನ್ನೇ ಹಂತ ಅಂತ ಎಣಿಸಿ ಖುಷಿಪಟ್ಟಿದ್ದೆವು.

ಎಣಿಸಬೇಕಾದ್ದು ಫೋನನ್ನೋ, ಗಿರಾಕಿಯನ್ನೋ?

ಯಾರು ದುಡ್ಡು ಕೊಡ್ತಾರೋ ಆ ಘಟಕವನ್ನು. ನಮ್ಮಲ್ಲಿ ಅದು ತೋಟ. ಆ್ಯಪ್ ಬಳಸುವವನು ರೈಟರ್, ಒಮ್ಮೊಮ್ಮೆ ಮೇಸ್ತ್ರಿ ಕೂಡ. ದುಡ್ಡು ಕೊಡುವವರು ಸಾಹುಕಾರರು, ಅವರ ಫೋನೇ ಬೇರೆ. ಫೋನ್ ನಂಬರ್ ಹಿಡಿದು ಎಣಿಸಿದರೆ ರೈಟರ್ ಎಲ್ಲಾ ಕೆಲಸ ಮಾಡಿ ದುಡ್ಡು ಕಟ್ಟದೆ ಹೋದ ಹಾಗೆ ಕಾಣುತ್ತೆ, ಸಾಹುಕಾರರು ಏನೂ ಮಾಡದೆ ಏಕಾಏಕಿ ದುಡ್ಡು ಕಟ್ಟಿದ ಹಾಗೆ ಕಾಣುತ್ತೆ. ಎರಡೂ ಸುಳ್ಳು. ಅದಕ್ಕೆ ಪ್ರತಿ ದಾಖಲೆಯಲ್ಲೂ ತೋಟದ ಗುರುತು, ಅಂದರೆ `estate_id`, ಇರಲೇಬೇಕು.

ಲೆಕ್ಕ ತೆಗೆಯುವುದು ಹೇಗೆ? ದುಬಾರಿ ಟೂಲ್ ಬೇಕಾ?

ಬೇಡ. ಒಂದು ಟೇಬಲ್ ಸಾಕು. ಯಾವ ತೋಟ, ಏನು ಮಾಡಿದರು, ಯಾವಾಗ ಮಾಡಿದರು. ನಾವು ಪೋಸ್ಟ್‌ಗ್ರೆಸ್‌ನಲ್ಲಿ ಹೀಗೆ ಬರೆಯುತ್ತೇವೆ:

```sql
WITH t AS (
  SELECT estate_id,
    MIN(CASE WHEN event='signup'     THEN device_time END) AS s1,
    MIN(CASE WHEN event='workers_5'  THEN device_time END) AS s2,
    MIN(CASE WHEN event='attendance' THEN device_time END) AS s3,
    MIN(CASE WHEN event='wage_done'  THEN device_time END) AS s4,
    MIN(CASE WHEN event='paid'       THEN device_time END) AS s5
  FROM events GROUP BY estate_id
)
SELECT COUNT(*), COUNT(s2), COUNT(s3),
  COUNT(CASE WHEN s4 < s1 + INTERVAL '14 days' THEN 1 END),
  COUNT(CASE WHEN s5 <= s1 + INTERVAL '30 days' THEN 1 END)
FROM t
WHERE s1 >= '2024-11-01' AND s1 < '2024-12-01';
```

ಒಂದು ತೋಟಕ್ಕೆ ಒಂದು ಸಾಲು, ಪ್ರತಿ ಹಂತವನ್ನು ಮೊದಲ ಸಲ ಮುಟ್ಟಿದ ಹೊತ್ತು. ಒಬ್ಬನೇ ನೂರು ಸಲ ಹಾಜರಿ ಹಾಕಿದರೂ ಲೆಕ್ಕಕ್ಕೆ ಒಂದೇ. ಪೇಮೆಂಟ್ ಪುಟದ ಹಂತವನ್ನು ಇಲ್ಲಿ ಸೇರಿಸಿಲ್ಲ.

ಈ ತಿಂಗಳು ಬಂದವರಲ್ಲಿ ದುಡ್ಡು ಕಟ್ಟಿದವರು ತುಂಬಾ ಕಡಿಮೆ ಕಾಣ್ತಿದ್ದಾರೆ. ಗಾಬರಿ ಆಗಬೇಕಾ?

ಇನ್ನೂ ಟ್ರಯಲ್ ಮುಗಿಯದವರನ್ನೂ ಸೇರಿಸಿಕೊಂಡಿದ್ದೀರಿ, ಅಷ್ಟೇ. ನಿನ್ನೆ ಬಂದವನು ಇವತ್ತೇ ದುಡ್ಡು ಕಟ್ಟಲಿಲ್ಲ ಅಂತ ಅವನನ್ನು ಬಿಟ್ಟು ಹೋದವರ ಸಾಲಿಗೆ ಹಾಕಬಾರದು. ಒಂದೇ ತಿಂಗಳಲ್ಲಿ ಬಂದವರನ್ನು ಒಂದು ಗುಂಪು ಮಾಡಿ, ಗುಂಪಿನ ಕೊನೆಯವನಿಗೂ ಪೂರ್ತಿ 30 ದಿನ ಸಿಗುವವರೆಗೆ ಕಾಯಿರಿ. ಅಂದರೆ ನವೆಂಬರ್ ಗುಂಪಿನ ಲೆಕ್ಕ ಡಿಸೆಂಬರ್ ಕೊನೆಗೆ ತೆಗೆಯಬೇಕು. ಕಾಯೋದು ಕಷ್ಟ, ಗೊತ್ತು.

ಸರಿ, ನಿಮ್ಮ ಲೆಕ್ಕ ತೋರಿಸಿ. ಎಲ್ಲಿ ಸೋರ್ತಾ ಇತ್ತು?

ನವೆಂಬರ್ ಗುಂಪು. 200 ತೋಟ ಟ್ರಯಲ್ ಹಾಕಿದವು. ನಮ್ಮ ಹಳೆ ಮೂರು ಹಂತದ ಫನಲ್ ಹೇಳಿದ್ದು ಇದು: 200 ಜನ ಬಂದರು, 150 ಜನ ಪೇಮೆಂಟ್ ಪುಟಕ್ಕೆ ಹೋದರು, 24 ಜನ ದುಡ್ಡು ಕಟ್ಟಿದರು. ಇದನ್ನು ನೋಡಿದ ಯಾರೇ ಆದರೂ ಏನು ಹೇಳ್ತಾರೆ? ಪೇಮೆಂಟ್ ಪುಟದಲ್ಲಿ 126 ಜನ ಬಿಟ್ಟು ಹೋದರು, ರೇಟ್ ಜಾಸ್ತಿ ಆಯ್ತು ಅಂತ. ನಾವೂ ಅದನ್ನೇ ಅಂದುಕೊಂಡೆವು. ಪುಟದ ಬಣ್ಣ ಬದಲಿಸಿದೆವು, ರೇಟ್ ಇಳಿಸಿದೆವು, ಡಿಸ್ಕೌಂಟ್ ಕೂಪನ್ ಕಳಿಸಿದೆವು. ಒಂದು ಕೂದಲೂ ಅಲ್ಲಾಡಲಿಲ್ಲ.

ಆಮೇಲೆ ಒಂದು ರಾತ್ರಿ ನಮ್ಮವನೊಬ್ಬ ಆ 150 ತೋಟಗಳ ಪಟ್ಟಿ ತೆಗೆದು ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿದ: ಪೇಮೆಂಟ್ ಪುಟ ತೆರೆಯುವ ಮುಂಚೆ ಇವರು ಕೊನೆಯ ಸಲ ಏನಾದರೂ ಕೆಲಸ ಮಾಡಿದ್ದು ಯಾವ ದಿನ? ಅಷ್ಟೇ ಕಾಲಂ. 64 ತೋಟಗಳ ಎದುರು ಒಂದೇ ಉತ್ತರ, 1ನೇ ದಿನ. ಅಂದರೆ ಸೈನ್ ಅಪ್ ಮಾಡಿದ ದಿನವೇ ಬಿಟ್ಟು ಹೋದವರು 14 ದಿನ ಆದ ಮೇಲೆ ಪೇಮೆಂಟ್ ಪುಟದಲ್ಲಿ ಕಾಣಿಸಿಕೊಂಡಿದ್ದಾರೆ. ಹೇಗೆ?

ನಾವೇ ಕರೆದುಕೊಂಡು ಬಂದಿದ್ದೆವು. 'ನಿಮ್ಮ ಟ್ರಯಲ್ ಮುಗಿಯಿತು' ಅನ್ನುವ ನೋಟಿಫಿಕೇಶನ್ ಒತ್ತಿದರೆ ನೇರ ಪೇಮೆಂಟ್ ಪುಟ ತೆರೆಯುತ್ತಿತ್ತು. ಇದೇನಪ್ಪಾ ಅಂತ ಒತ್ತಿ, ನೋಡಿ, ಮುಚ್ಚಿದವರೆಲ್ಲ ನಮ್ಮ ಲೆಕ್ಕದಲ್ಲಿ 'ಪೇಮೆಂಟ್‌ವರೆಗೆ ಬಂದವರು'. ಸತ್ತ ದನವನ್ನು ಎಳೆದು ತಂದು ಗೇಟಿನ ಹತ್ತಿರ ಹಾಕಿ, ಗೇಟ್ ದಾಟುವಾಗ ಸತ್ತಿತು ಅಂದ ಹಾಗೆ.

ಎರಡನ್ನೂ ಬೇರೆ ಮಾಡಿದೆವು. ನೋಟಿಫಿಕೇಶನ್ ಮೂಲಕ ಬಂದವರು 112. ಅವರಲ್ಲಿ ದುಡ್ಡು ಕಟ್ಟಿದ್ದು 2. ಟ್ರಯಲ್ ನಡೆಯುವಾಗಲೇ ತಾವಾಗಿ ಪುಟ ಹುಡುಕಿಕೊಂಡು ಬಂದವರು 38. ಅವರಲ್ಲಿ ದುಡ್ಡು ಕಟ್ಟಿದ್ದು 22, ಅರ್ಧಕ್ಕಿಂತ ಜಾಸ್ತಿ. ರೇಟು ಜಾಸ್ತಿ ಅನ್ನೋ ಕಥೆ ಅಲ್ಲಿಗೆ ಮುಗಿಯಿತು.

ಹೊಸ ಹಂತಗಳಲ್ಲಿ ಹಾಕಿದಾಗ ಸಾಲು ಹೀಗಾಯಿತು: 200 ಸೈನ್ ಅಪ್, 118 ಆಳು ಸೇರಿಸಿದ್ದು, 104 ಹಾಜರಿ, 61 ಬಟವಾಡೆ, 38 ತಾವಾಗಿ ಪೇಮೆಂಟ್ ಪುಟ, ಅವರಲ್ಲಿ 22 ದುಡ್ಡು. ತೂತು ಇದ್ದದ್ದು ಎರಡು ಕಡೆ. ಮೊದಲನೇ ಹೆಜ್ಜೆಯಲ್ಲೇ 82 ತೋಟ ಹೋದವು. ಹಾಜರಿಯಿಂದ ಬಟವಾಡೆಗೆ ಹೋಗುವಾಗ 43 ಹೋದವು.

ಹೆಜ್ಜೆ ಯಾವುದು ಅಂತ ಸಿಕ್ಕಿತು. ಕಾರಣ ಹೇಗೆ ಗೊತ್ತಾಗುತ್ತೆ?

ಫನಲ್ ಕಾರಣ ಹೇಳಲ್ಲ, ಜಾಗ ಮಾತ್ರ ತೋರಿಸುತ್ತೆ. ಕಾರಣಕ್ಕೆ ಆ ಹಂತದ ಒಳಗೆ ಇಣುಕಬೇಕು.

82 ತೋಟಗಳನ್ನು ಮತ್ತೆ ಒಡೆದು ನೋಡಿದೆವು. 19 ತೋಟಗಳು ಒಂದು ಹೆಸರೂ ಹಾಕಿರಲಿಲ್ಲ. ಅವರನ್ನು ಬಿಡಿ, ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಲಿಂಕ್ ಒತ್ತಿ ಬಂದವರು. ಆದರೆ 63 ತೋಟಗಳು ಒಂದೋ ಎರಡೋ ಮೂರೋ ಹೆಸರು ಹಾಕಿ ನಿಲ್ಲಿಸಿದ್ದವು. ಇವರಿಗೆ ಆಸಕ್ತಿ ಇತ್ತು, ಕೈ ಹಾಕಿದ್ದರು, ಏನೋ ತಡೆಯಿತು.

ಆಲ್ದೂರು ಹತ್ತಿರದ ಒಂದು ತೋಟಕ್ಕೆ ಹೋಗಿ ರೈಟರ್ ಪಕ್ಕದಲ್ಲಿ ಕುಳಿತುಕೊಂಡೆ. ನಾನೇನೂ ಮಾತಾಡಲ್ಲ, ನೀವು ಮಾಡ್ತಾ ಹೋಗಿ ಅಂದೆ. ನಮ್ಮ ಫಾರಂ ಒಬ್ಬ ಆಳಿಗೆ ಹೆಸರು, ತಂದೆ ಅಥವಾ ಗಂಡನ ಹೆಸರು, ಆಧಾರ್ ನಂಬರ್, ಬ್ಯಾಂಕ್ ಖಾತೆ, ದಿನಗೂಲಿ ಇಷ್ಟೂ ಕೇಳುತ್ತಿತ್ತು. ಮೊದಲನೇ ಆಳಿಗೆ ಆಧಾರ್ ಕಾರ್ಡ್ ಹುಡುಕಿಕೊಂಡು ಒಳಗೆ ಹೋದರು. ಎರಡನೆಯವಳಿಗೆ ಏನೋ ಹನ್ನೆರಡು ಸೊನ್ನೆ ಹೊಡೆದರು. ಮೂರನೆಯದಕ್ಕೆ ಫೋನ್ ಮೇಜಿನ ಮೇಲಿಟ್ಟು, "ಮಾರಾಯ್ರೆ, ಮೂವತ್ತು ಜನ ಇದ್ದಾರೆ, ಇವರ ಕಾರ್ಡೆಲ್ಲ ನಾನೆಲ್ಲಿಂದ ತರಲಿ? ಪುಸ್ತಕದಲ್ಲಿ ಹೆಸರು ಬರೆದರೆ ಆಯ್ತಪ್ಪ" ಅಂದರು. ನಾಲ್ಕು ನಿಮಿಷ ಆಗಿತ್ತು ಅಷ್ಟೇ. ಡೇಟಾದಲ್ಲಿ ಆ ಸೊನ್ನೆಗಳನ್ನು ಆಮೇಲೆ ಹುಡುಕಿದೆ, ಬೇಕಾದಷ್ಟು ಸಿಕ್ಕಿದವು. ಹಂತದ ಒಳಗಿನ ಇಂಥ ಸುಳ್ಳು ನಮೂದುಗಳು ಯಾವ ಸರ್ವೆಗಿಂತಲೂ ಒಳ್ಳೆ ಸುಳಿವು.

ಈಗ ಶುರುವಿನಲ್ಲಿ ಹೆಸರು ಮತ್ತು ಕೂಲಿ ಎರಡೇ ಕೇಳ್ತೇವೆ. ಉಳಿದದ್ದು ಬೇಕಾದಾಗ ತುಂಬಿಕೊಳ್ಳಲಿ.

ಫೋನ್ ಮಾಡಿ ಯಾಕೆ ಬಿಟ್ಟಿರಿ ಅಂತ ನೇರ ಕೇಳಿದರೆ ಆಗಲ್ವಾ?

ಆಗುತ್ತೆ, ಆದರೆ 'ಯಾಕೆ' ಅಂತ ಕೇಳಬೇಡಿ. ಕೇಳಿದರೆ 'ರೇಟ್ ಸ್ವಲ್ಪ ಜಾಸ್ತಿ ಆಯ್ತು ಸಾರ್' ಅಂತಾರೆ. ನಮ್ಮ ಕಡೆ ಅದು ಬೇಡ ಅನ್ನೋದಕ್ಕೆ ಮರ್ಯಾದೆಯ ಮಾತು, ನಿಮ್ಮ ಮನಸ್ಸು ನೋಯಬಾರದಲ್ಲ. 'ಕೊನೇ ಸಲ ತೆರೆದಾಗ ಏನು ಮಾಡ್ತಾ ಇದ್ರಿ, ಆಮೇಲೆ ಏನಾಯ್ತು' ಅಂತ ಕೇಳಿ. ನಡೆದದ್ದು ಹೇಳ್ತಾರೆ.

ಬಟವಾಡೆಯ ತೂತು ಸಿಕ್ಕಿದ್ದು ಹೀಗೇ. ಹಾಜರಿ ಹಾಕಿದವರು ಬಟವಾಡೆ ಯಾಕೆ ಮಾಡಲಿಲ್ಲ ಅಂತ ನಮಗೆ ಅರ್ಥವೇ ಆಗಿರಲಿಲ್ಲ. ಒಬ್ಬ ರೈಟರ್ ಹೇಳಿದ್ದು: ಹಾಜರಿ ಹಾಕಿದೆ, ಶನಿವಾರ ಗುಂಡಿ ಒತ್ತಿದೆ, ಎಲ್ಲರಿಗೂ ದಿನಗೂಲಿ ಲೆಕ್ಕ ಬಂತು, ಆದರೆ ಈಗ ಹಣ್ಣು ಕೊಯ್ಲಲ್ವಾ ಸಾರ್, ನಾವು ಕೊಡೋದು ಕೆಜಿ ಲೆಕ್ಕ. ಅರೇಬಿಕ ಕೊಯ್ಲು ನವೆಂಬರಿನಲ್ಲಿ ಜೋರಾಗುತ್ತೆ, ರೊಬಸ್ಟಾ ಜನವರಿ ಹೊತ್ತಿಗೆ. ಆ ತಿಂಗಳುಗಳಲ್ಲಿ ಯಾರು ಎಷ್ಟು ಕೆಜಿ ಕೊಯ್ದರು ಅನ್ನೋದೇ ಕೂಲಿ. ನಮ್ಮ ಆ್ಯಪಿನಲ್ಲಿ ತೂಕ ಬರೆಯುವ ಜಾಗವೇ ಇರಲಿಲ್ಲ. ಮಲೆನಾಡಲ್ಲೇ ಹುಟ್ಟಿ ಬೆಳೆದ ಮೂವರು ಸೇರಿ ಮಾಡಿದ ಆ್ಯಪ್ ಇದು, ಹೇಳಿಕೊಳ್ಳಲು ನಾಚಿಕೆ. ನಾವು ಅದನ್ನು ಕಟ್ಟಿದ್ದು ಮಳೆಗಾಲದಲ್ಲಿ, ಆಗ ಎಲ್ಲಾ ದಿನಗೂಲಿ.

ನೆಟ್‌ವರ್ಕ್ ಸರಿ ಇಲ್ಲದ ಕಡೆ ಲೆಕ್ಕ ಹೇಗೆ ನಂಬೋದು?

ಒಳ್ಳೆ ಪ್ರಶ್ನೆ, ಬೆಂಗಳೂರಿನವರು ಇದನ್ನು ಕೇಳೋದೇ ಇಲ್ಲ. ಕಳಸ, ಬಾಳೆಹೊನ್ನೂರು ಕಡೆ ಎಷ್ಟೋ ತೋಟಗಳಲ್ಲಿ ಸಿಗ್ನಲ್ ಬೇಕಾದರೆ ರಸ್ತೆವರೆಗೆ ಬರಬೇಕು. ಆ್ಯಪ್ ಆಫ್‌ಲೈನಿನಲ್ಲೇ ನಡೆಯುತ್ತೆ, ಸಿಗ್ನಲ್ ಸಿಕ್ಕಾಗ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತೆ. ನೀವು ಸರ್ವರ್‌ಗೆ ಬಂದ ಹೊತ್ತನ್ನು ಹಿಡಿದರೆ ಎರಡು ತಪ್ಪಾಗುತ್ತೆ. ಶನಿವಾರ ಮಾಡಿದ ಬಟವಾಡೆ ಮುಂದಿನ ಬುಧವಾರ ಆದ ಹಾಗೆ ಕಾಣುತ್ತೆ, ಅಷ್ಟರಲ್ಲಿ ಟ್ರಯಲ್ ಮುಗಿದಿದ್ದರೆ ಲೆಕ್ಕದಿಂದಲೇ ಹೊರಗೆ. ಇನ್ನೊಂದು, ಎಲ್ಲ ಒಂದೇ ಸೆಕೆಂಡಿನಲ್ಲಿ ಬರುವುದರಿಂದ ಯಾವುದು ಮೊದಲು ಯಾವುದು ಆಮೇಲೆ ಅನ್ನೋದು ಕಲಸಿ ಹೋಗುತ್ತೆ, ಕ್ರಮ ನೋಡುವ ಟೂಲ್‌ಗಳು ಅಂಥವರನ್ನು ಬಿಟ್ಟೇ ಬಿಡಬಹುದು.

ನಮ್ಮ ನವೆಂಬರ್ ಗುಂಪಿನಲ್ಲಿ ಸರ್ವರ್ ಹೊತ್ತಿನ ಪ್ರಕಾರ ಬಟವಾಡೆ ಮಾಡಿದವರು 48, ಫೋನಿನ ಹೊತ್ತಿನ ಪ್ರಕಾರ 61. ಹದಿಮೂರು ತೋಟ ಸುಮ್ನೆ ಕಳೆದು ಹೋಗಿದ್ದವು. ಅದಕ್ಕೆ `device_time` ಮತ್ತು `server_time` ಎರಡನ್ನೂ ಇಟ್ಟುಕೊಳ್ಳಿ. ಫೋನಿನ ಗಡಿಯಾರವೇ ತಪ್ಪಿರುವವರೂ ಇರ್ತಾರೆ. ಫೋನಿನ ಹೊತ್ತು ಸರ್ವರ್ ಹೊತ್ತಿಗಿಂತ ಮುಂದೆ ಇದ್ದರೆ ಖಂಡಿತ ತಪ್ಪು, ಅಂಥ ಸಾಲನ್ನು ಬೇರೆ ತೆಗೆದಿಡಿ.

ಬಟವಾಡೆ ಮಾಡಿದವರೇ ದುಡ್ಡು ಕಟ್ಟಿದರು ಅಂದರೆ, ಎಲ್ಲರ ಕೈಲೂ ಹೇಗಾದರೂ ಬಟವಾಡೆ ಮಾಡಿಸಿದರೆ ಆಯ್ತಲ್ಲ?

ದುಡ್ಡು ಕಟ್ಟಿದ 24 ತೋಟಗಳೂ ಬಟವಾಡೆ ಮಾಡಿದ್ದವು, ಮಾಡದ 139ರಲ್ಲಿ ಒಂದೂ ಕಟ್ಟಲಿಲ್ಲ, ನಿಜ. ಆದರೆ ಇದು ಎರಡೂ ಕಡೆಯಿಂದ ಓದಬಹುದಾದ ಲೆಕ್ಕ. ಮೊದಲೇ ಕೊಳ್ಳುವ ಮನಸ್ಸಿದ್ದವನು ಶ್ರದ್ಧೆಯಿಂದ ಬಟವಾಡೆವರೆಗೆ ಹೋಗಿರಬಹುದು. ಉತ್ಸಾಹದಲ್ಲಿ ನಾವೊಮ್ಮೆ ಸುಳ್ಳು ಹೆಸರುಗಳ ಮಾದರಿ ತೋಟ ಹಾಕಿ, 'ಒತ್ತಿ ನೋಡಿ' ಅಂತ ಎಲ್ಲರ ಕೈಲೂ ಒತ್ತಿಸಿದೆವು. ಬಟವಾಡೆ ಸಂಖ್ಯೆ ಏರಿತು, ದುಡ್ಡು ಕಟ್ಟಿದವರು ಏರಲಿಲ್ಲ. ಅವರದೇ ಆಳು, ಅವರದೇ ಶನಿವಾರ ಆದರೆ ಮಾತ್ರ ಅದಕ್ಕೆ ಅರ್ಥ.

ಸರಿಪಡಿಸಿದ ಮೇಲೆ ಫಲ ಬಂತಾ?

ಫಾರಂ ಚಿಕ್ಕದು ಮಾಡಿದ್ದು ಜನವರಿ ಶುರುವಿಗೆ. ಜನವರಿ ಗುಂಪು 180 ತೋಟ, ಅದರಲ್ಲಿ ಆಳು ಸೇರಿಸಿದವರು 131. ಅಂದರೆ 59ರಿಂದ ಸುಮಾರು 73 ಪರ್ಸೆಂಟಿಗೆ ಏರಿತು. ಇಷ್ಟು ದೊಡ್ಡ ಏರಿಕೆ ಬರೀ ಅದೃಷ್ಟದಿಂದ ಬರುವುದು ಅಪರೂಪ. ದುಡ್ಡು ಕಟ್ಟಿದವರು 27, ಅಂದರೆ 12ರಿಂದ 15 ಪರ್ಸೆಂಟ್. ಇದನ್ನು ನಾನು ಗೆಲುವು ಅಂತ ಕರೆಯಲ್ಲ. 200 ಮತ್ತು 180ರಂಥ ಗುಂಪುಗಳಲ್ಲಿ ಮೂರು ಪರ್ಸೆಂಟ್ ಆಚೀಚೆ ಆಗೋದು ಏನೂ ಬದಲಿಸದಿದ್ದರೂ ಸಹಜ. ಅದಕ್ಕೇ ಹೇಳೋದು, ಗಿರಾಕಿಗಳು ಕಡಿಮೆ ಇರುವಾಗ ಕೊನೆಯ ಸಂಖ್ಯೆ ನೋಡಿ ತೀರ್ಮಾನ ಮಾಡಬೇಡಿ, ನೀವು ಕೈ ಹಾಕಿದ ಹೆಜ್ಜೆಯನ್ನೇ ನೋಡಿ, ಅಲ್ಲಿ ಬದಲಾವಣೆ ಬೇಗ ಕಾಣುತ್ತೆ. ಜೊತೆಗೆ ಜನವರಿ ಅಂದರೆ ತೋಟದಲ್ಲಿ ಜನ ಜಾಸ್ತಿ, ಲೆಕ್ಕದ ತಲೆನೋವೂ ಜಾಸ್ತಿ, ಆ್ಯಪಿನ ಅಗತ್ಯವೂ ಜಾಸ್ತಿ. ಏರಿದ್ದರಲ್ಲಿ ಅದರ ಪಾಲೆಷ್ಟು ಅಂತ ಬಿಡಿಸೋಕೆ ಆಗಲ್ಲ.

ಟ್ರಯಲ್ 14ರಿಂದ 30 ದಿನ ಮಾಡಿದರೆ?

ನಮ್ಮಲ್ಲಿ 14 ದಿನದಲ್ಲಿ ಎರಡು ಶನಿವಾರ ಸಿಗುತ್ತವೆ, ಸಾಕು. ನಿಮ್ಮದು ತಿಂಗಳಿಗೊಮ್ಮೆ ಉಪಯೋಗಕ್ಕೆ ಬರುವ ಆ್ಯಪ್ ಆದರೆ 14 ದಿನ ಸಾಲದು. 1ನೇ ದಿನ ಬಿಟ್ಟು ಹೋಗುವವನಿಗೆ ವರ್ಷ ಕೊಟ್ಟರೂ ಅಷ್ಟೇ.

ಶುರುವಿನಲ್ಲೇ ಯುಪಿಐ ಆಟೋಪೇ ಒಪ್ಪಿಗೆ ತಗೊಂಡರೆ ಒಳ್ಳೇದಲ್ವಾ?

ತಗೊಂಡರೆ ಪರ್ಸೆಂಟ್ ಏರುತ್ತೆ, ಟ್ರಯಲ್ ಹಾಕುವವರು ಇಳಿಯುತ್ತಾರೆ. ಸೋರುವ ಜಾಗವನ್ನು ಸೈನ್ ಅಪ್ ಮುಂಚೆಗೆ ತಳ್ಳಿದ ಹಾಗೆ, ಅಲ್ಲಿ ನಿಮಗದು ಕಾಣೋದೂ ಇಲ್ಲ. ಇನ್ನೊಂದು ವಿಷಯ, ಆರ್‌ಬಿಐ ನಿಯಮದಂತೆ ಆಟೋಪೇಯಲ್ಲಿ ದುಡ್ಡು ಕಡಿಯುವ ಕನಿಷ್ಠ 24 ಗಂಟೆ ಮುಂಚೆ ಗಿರಾಕಿಗೆ ಸೂಚನೆ ಹೋಗಲೇಬೇಕು. ಮರೆತಿದ್ದವನಿಗೂ ನೆನಪಾಗಿ ಆವತ್ತೇ ರದ್ದು ಮಾಡ್ತಾನೆ. ಹಾಗೆ ಒಪ್ಪಿಗೆ ತೆಗೆದುಕೊಳ್ಳುವ ಟ್ರಯಲನ್ನೂ ತೆಗೆದುಕೊಳ್ಳದ ಟ್ರಯಲನ್ನೂ ಒಂದೇ ಪಟ್ಟಿಯಲ್ಲಿ ಹೋಲಿಸಬೇಡಿ.

ತಾವಾಗಿ ಪೇಮೆಂಟ್ ಪುಟಕ್ಕೆ ಬಂದ 38ರಲ್ಲಿ ಆ 16 ಜನ ಯಾಕೆ ಕಟ್ಟಲಿಲ್ಲ?

ಇಲ್ಲಿ 'ಕಟ್ಟಲಿಲ್ಲ' ಅನ್ನೋದನ್ನು ಮೂರು ಮಾಡಿ ಬರೆದಿಡಿ: ಪುಟ ನೋಡಿ ಹೋದದ್ದು, ಗುಂಡಿ ಒತ್ತಿ ತಾವೇ ಕೈಬಿಟ್ಟದ್ದು, ಒತ್ತಿದ ಮೇಲೆ ಬ್ಯಾಂಕಿನ ಕಡೆಯಿಂದ ಫೇಲ್ ಆದದ್ದು. ಮೂರಕ್ಕೂ ಮದ್ದು ಬೇರೆ ಬೇರೆ. ನಮ್ಮಲ್ಲಿ ಫೇಲ್ ಆಗಿದ್ದು 2 ಮಾತ್ರ. ಉಳಿದ 14 ಗುಂಡಿಯನ್ನೇ ಒತ್ತಿರಲಿಲ್ಲ, ಆದರೆ ಅದರಲ್ಲಿ 10 ಜನ ಅದೇ ಪುಟವನ್ನು ಎರಡು ಮೂರು ದಿನ ಬಿಟ್ಟು ಬಿಟ್ಟು ತೆರೆದಿದ್ದರು. ಅದನ್ನು ನೋಡಿದ ಕೂಡಲೇ ಹೊಳೆಯಿತು. ಪುಟ ತೆರೆದಿರೋದು ರೈಟರ್ ಫೋನಿನಲ್ಲಿ. ಅವನು ಕೈಯಿಂದ ದುಡ್ಡು ಹಾಕ್ತಾನಾ? ಸಾಹುಕಾರರು ಬೆಂಗಳೂರಿನಲ್ಲಿ ಇದ್ದಾರೆ, ಬಂದಾಗ ತೋರಿಸೋಣ ಅಂತ ತೆರೆದು ತೆರೆದು ನೋಡ್ತಿದ್ದಾನೆ. ಒಬ್ಬ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದ್ದನಂತೆ, ಅವರು 'ಓಕೆ' ಅಂತ ಉತ್ತರ ಕೊಟ್ಟು ಮರೆತರಂತೆ.

ಈಗ ಆ ಪುಟದಲ್ಲಿ 'ಸಾಹುಕಾರರಿಗೆ ಕಳಿಸಿ' ಅಂತ ಒಂದು ಗುಂಡಿ ಇದೆ. ಒತ್ತಿದರೆ ಹೋದ ವಾರದ ಬಟವಾಡೆ ಪಟ್ಟಿ, ಕೆಳಗೆ ದುಡ್ಡು ಕಟ್ಟುವ ಲಿಂಕ್, ಎರಡೂ ವಾಟ್ಸಾಪಿಗೆ ಹೋಗುತ್ತೆ. ಇದನ್ನು ಹಾಕಿದ್ದು ಫೆಬ್ರವರಿ ಗುಂಪಿಗೆ. ಆ ಗುಂಪಿನ ಕೊನೆಯವರಿಗೆ 30 ದಿನ ತುಂಬುವುದು ಮಾರ್ಚ್ ಕೊನೆಗೆ, ಅಲ್ಲಿಯವರೆಗೆ ಡ್ಯಾಶ್‌ಬೋರ್ಡ್ ನೋಡಬೇಡಿ ಅಂತ ನಾವು ಮೂವರೂ ಒಬ್ಬರಿಗೊಬ್ಬರು ಹೇಳಿಕೊಂಡು, ಮೂವರೂ ಕದ್ದು ನೋಡ್ತಾ ಇದ್ದೇವೆ.